ಎತ್ತಂಗಡಿಯ ಉದ್ದೇಶ ಕಡತದಲ್ಲೇ ಇರುತ್ತದೆ

ವಿಜಯಪುರದ ಸರ್ಕಾರಿ ಕಚೇರಿಗಳಲ್ಲಿ ನೌಕರರ ನಡುವೆ ಬೇರೂರಿರುವ ಒಂದು ನಂಬಿಕೆಯನ್ನು ಇಲ್ಲಿ ಪರಿಶೀಲಿಸಬೇಕಾಗಿದೆ. ಯಾರಾದರೂ ಬಿಲ್ಲಿನ ಮೇಲೋ ಜಮೀನಿನ ಕಡತದ ಮೇಲೋ ಆಕ್ಷೇಪ ಬರೆದು, ಕೆಲವೇ ದಿನಗಳಲ್ಲಿ ಅವರಿಗೆ ವರ್ಗಾವಣೆ ಆದೇಶ ಬಂದರೆ, ಹಿರಿಯರು ಸಮಾಧಾನ ಹೇಳುವ ರೀತಿ ಹೆಚ್ಚುಕಡಿಮೆ ಒಂದೇ: ‘ವರ್ಗಾವಣೆ ಅಂದ್ರ ಶಿಕ್ಷಾ ಅಲ್ಲ, ನೌಕರಿಗೆ ಸೇರಿದಾಗನ ಒಪ್ಪಿಕೊಂಡ ಮಾತದು. ಇನ್ನ ಯಾಕ ಹಾಕಿದ್ರು ಅನ್ನೂದು ಸಾಹೇಬ್ರ ಮನಸ್ಸಿನಾಗ ಐತಿ, ಅದನ್ನ ಯಾರು ತಗದು ತೋರಸ್ತಾರ?’ 2018ರಲ್ಲಿ ತಿಕೋಟಾ ಮತ್ತು ಬಬಲೇಶ್ವರ ಪ್ರತ್ಯೇಕ ತಾಲ್ಲೂಕುಗಳಾದ ಮೇಲೆ ಇದಕ್ಕೆ ಇನ್ನೊಂದು ಮಾತು ಸೇರಿಕೊಂಡಿದೆ. ನಗರದಿಂದ ತಿಕೋಟಾ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ, ಬಬಲೇಶ್ವರವೂ ಹೆಚ್ಚು ದೂರವಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾದ ಊರಿಗೆ ಹಾಕಿದರೆ ಅದನ್ನು ಶಿಕ್ಷೆ ಎಂದು ಕರೆಯುವುದೇ ಅತಿಯಾಯಿತು ಎಂಬ ಮಾತು ಅದು.

ಈ ನಂಬಿಕೆಯಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವಂತಿಲ್ಲ. ವರ್ಗಾವಣೆಯಾಗಬಲ್ಲ ಹುದ್ದೆಗೆ ಸೇರಿದವರಿಗೆ ಇಂಥದೇ ಊರಿನಲ್ಲಿ ಇರುತ್ತೇನೆ ಎನ್ನುವ ಹಕ್ಕಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಹಲವು ತೀರ್ಪುಗಳಲ್ಲಿ ಹೇಳಿದೆ. ಯಾರು ಎಲ್ಲಿ ಕೆಲಸ ಮಾಡಬೇಕೆಂಬುದನ್ನು ಆಡಳಿತ ನಡೆಸುವವರು ನಿರ್ಧರಿಸಬೇಕೇ ಹೊರತು ನ್ಯಾಯಾಲಯವಲ್ಲ ಎನ್ನುವುದೂ ಸರಿ. ಪ್ರತಿ ವರ್ಗಾವಣೆಯನ್ನೂ ನ್ಯಾಯಾಧೀಶರ ಮುಂದೆ ಸಮರ್ಥಿಸಿಕೊಳ್ಳಬೇಕೆಂದರೆ ಹೊಸ ತಾಲ್ಲೂಕುಗಳ ಖಾಲಿ ಕುರ್ಚಿಗಳು ಖಾಲಿಯಾಗಿಯೇ ಉಳಿದಾವು. ದುರುದ್ದೇಶದ ಆರೋಪ ಹೊರಿಸುವುದು ಸುಲಭ, ಸಾಬೀತು ಮಾಡುವುದು ಕಷ್ಟ, ಸಾಬೀತಿನ ಹೊಣೆ ಆರೋಪ ಮಾಡಿದವರದೇ ಎಂಬುದೂ ಬಹುಕಾಲದಿಂದ ನಿಂತ ತತ್ವ. ಇಷ್ಟನ್ನೂ ಒಪ್ಪಿಕೊಂಡ ಮೇಲೆಯೂ ಆ ಸಮಾಧಾನದ ಮಾತು ನಿಲ್ಲುವುದಿಲ್ಲ. ಅದರಲ್ಲಿ ಮೂರು ಬೇರೆ ಬೇರೆ ಹೇಳಿಕೆಗಳು ಒಂದಕ್ಕೊಂದು ಅಂಟಿಕೊಂಡಿವೆ: ವರ್ಗಾವಣೆ ನೌಕರಿಯ ಷರತ್ತು, ಆದ್ದರಿಂದ ಅದು ಶಿಕ್ಷೆಯಲ್ಲ, ಶಿಕ್ಷೆಯಾಗಿದ್ದರೂ ಉದ್ದೇಶವನ್ನು ತೋರಿಸಲಾಗದು. ಮೊದಲನೆಯದು ನಿಜ. ಎರಡನೆಯದು ಮೊದಲನೆಯದರಿಂದ ಹುಟ್ಟುವುದಿಲ್ಲ. ಮೂರನೆಯದು ಉದ್ದೇಶ ಎಂದರೇನು ಎನ್ನುವುದನ್ನೇ ತಪ್ಪಾಗಿ ತಿಳಿದುಕೊಂಡಿದೆ.

ಎರಡನೆಯದನ್ನು ಮೊದಲು ನೋಡೋಣ. ರಾಜ್ಯ ಸರ್ಕಾರಿ ನೌಕರರಿಗೆ ಯಾವ ಯಾವ ದಂಡನೆ ವಿಧಿಸಬಹುದು ಎನ್ನುವುದು 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 8ನೇ ನಿಯಮದಲ್ಲಿದೆ. ವಾಗ್ದಂಡನೆಯಿಂದ ಹಿಡಿದು ವಜಾವರೆಗೆ ಅಲ್ಲಿ ಪಟ್ಟಿಯಿದೆ. ವರ್ಗಾವಣೆ ಆ ಪಟ್ಟಿಯಲ್ಲಿಲ್ಲ. ‘ಪಟ್ಟಿಯಲ್ಲೇ ಇಲ್ಲದ್ದು ಶಿಕ್ಷೆ ಹೇಗಾದೀತು?’ ಎಂದು ಕಚೇರಿಯ ಜಾಣರು ಕೇಳುವುದು ಇದೇ ಆಧಾರದ ಮೇಲೆ. ಆದರೆ ಪಟ್ಟಿಯಿಂದ ಹೊರಡುವ ತೀರ್ಮಾನ ಇದಕ್ಕೆ ನೇರ ವಿರುದ್ಧವಾದದ್ದು. ನೌಕರರನ್ನು ದಂಡಿಸಬೇಕಾದರೆ ಆ ಪಟ್ಟಿಯೊಳಗಿನ ದಂಡನೆಯನ್ನೇ ಆರಿಸಿಕೊಳ್ಳಬೇಕು. ಆಪಾದನೆ ತಿಳಿಸಿ, ಉತ್ತರ ಪಡೆದು, 11 ಅಥವಾ 12ನೇ ನಿಯಮದ ಕ್ರಮದಲ್ಲಿ ನಡೆಯಬೇಕು. ವರ್ಗಾವಣೆ ಪಟ್ಟಿಯ ಹೊರಗಿದೆ ಎಂದರೆ ಅದನ್ನು ದಂಡಿಸಲು ಬಳಸುವ ಅಧಿಕಾರ ಯಾರಿಗೂ ಕೊಟ್ಟಿಲ್ಲ ಎಂದರ್ಥ. ವರ್ಗಾವಣೆಯ ಅಧಿಕಾರ ಕೊಟ್ಟಿರುವುದು ಹುದ್ದೆಗಳನ್ನು ತುಂಬಲು, ಕೆಲಸ ಹಂಚಲು. ಆ ಅಧಿಕಾರದಿಂದ ಬೇರೆ ಕೆಲಸ ಮಾಡಿಸಿದರೆ, ಮಾಡಿದ ಕೆಲಸಕ್ಕೆ ವರ್ಗಾವಣೆ ಎಂಬ ಹೆಸರು ಇದ್ದ ಮಾತ್ರಕ್ಕೆ ಅದು ವರ್ಗಾವಣೆಯಾಗಿ ಉಳಿಯುವುದಿಲ್ಲ.

ಹತ್ತಿರದ ಊರಿನ ವಾದಕ್ಕೂ ಉತ್ತರ ಇಲ್ಲಿಯೇ ಇದೆ. ಶಿಕ್ಷೆಯನ್ನು ಕಿಲೋಮೀಟರಿನಲ್ಲಿ ಅಳೆಯುವವರು ವರ್ಗಾವಣೆಯಿಂದ ನೌಕರರ ಮನೆಗೆ ಆಗುವ ತೊಂದರೆಯನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಆಕ್ಷೇಪ ಎತ್ತಿದವರನ್ನು ಕದಲಿಸುವವರಿಗೆ ಎಷ್ಟೋ ಸಲ ಅವರನ್ನು ನೋಯಿಸುವ ಅಗತ್ಯವೇ ಇರುವುದಿಲ್ಲ. ಬೇಕಾಗಿರುವುದು ಆ ಮೇಜಿನ ಮೇಲಿನ ಕಡತದಿಂದ ಅವರ ಕೈ ಬಿಡಿಸುವುದು. ಅದಕ್ಕೆ ಬೀದರಿಗೆ ಕಳಿಸಬೇಕಿಲ್ಲ, ತಿಕೋಟಾ ಸಾಕು. ಒಂದೇ ಕಟ್ಟಡದ ಇನ್ನೊಂದು ವಿಭಾಗವೂ ಸಾಕು. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಎಷ್ಟು ದೂರ ಹಾಕಿದರು?’ ಎಂಬುದಲ್ಲ, ‘ಯಾವ ಕಡತದಿಂದ ಬಿಡಿಸಿದರು?’ ಎಂಬುದು.

ಇನ್ನು ಉದ್ದೇಶದ ಮಾತು. ಅದು ಮನಸ್ಸಿನೊಳಗಿನ ದ್ವೇಷ, ಆದ್ದರಿಂದ ಹೊರಗೆ ತೋರಿಸಲಾಗದು ಎನ್ನುವವರು ದುರುದ್ದೇಶದ ಒಂದೇ ಬಗೆಯನ್ನು ಬಲ್ಲರು. ಕಾನೂನು ಎರಡು ಬಗೆಯನ್ನು ಗುರುತಿಸುತ್ತದೆ. ಒಂದು ವ್ಯಕ್ತಿಗತ ಹಗೆತನ. ಇಂಥ ಅಧಿಕಾರಿ ಇಂಥವರ ಮೇಲೆ ಕಡುಕೋಪದಿಂದ ಹೀಗೆ ಮಾಡಿದರು ಎಂಬುದು. ಇದನ್ನು ತೋರಿಸುವುದು ನಿಜಕ್ಕೂ ಕಷ್ಟ. ಇನ್ನೊಂದರಲ್ಲಿ ಕೋಪತಾಪದ ಪ್ರಶ್ನೆಯೇ ಇಲ್ಲ: ಅಧಿಕಾರವನ್ನು, ಅದನ್ನು ಕೊಟ್ಟ ಉದ್ದೇಶಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ ಬಳಸಿದ್ದರೆ ಸಾಕು. ಸೋಮೇಶ್ ತಿವಾರಿ ಪ್ರಕರಣ ಇದಕ್ಕೆ ಸ್ಪಷ್ಟ ಉದಾಹರಣೆ. ಭೋಪಾಲದಲ್ಲಿದ್ದ ಕೇಂದ್ರ ಅಬಕಾರಿ ಇಲಾಖೆಯ ಆ ಅಧಿಕಾರಿಯ ಮೇಲೆ ಹೆಸರಿಲ್ಲದ ದೂರೊಂದು ಬಂತು. ವಿಚಾರಣೆಯಲ್ಲಿ ದೂರಿನಲ್ಲಿ ಹುರುಳು ಕಾಣಲಿಲ್ಲ. ಹಾಗಿದ್ದೂ ಅವರನ್ನು ಶಿಲ್ಲಾಂಗ್‌ಗೆ ವರ್ಗಾಯಿಸಲಾಯಿತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸುವಾಗ ಯಾರಿಗೆ ಯಾರ ಮೇಲೆ ದ್ವೇಷವಿತ್ತೆಂದು ಹುಡುಕಲು ಹೋಗಲಿಲ್ಲ. ವರ್ಗಾವಣೆಗೆ ಸಂಬಂಧಿಸಿದ ಯಾವ ಅಂಶವನ್ನೂ ಆದೇಶ ಆಧರಿಸಿಲ್ಲ, ಆಧರಿಸಿರುವುದು ಆ ದೂರನ್ನು. ಶಿಕ್ಷೆಗೆ ಬದಲಾಗಿ ಮಾಡಿದ ವರ್ಗಾವಣೆ ನಿಲ್ಲದು ಎಂದಿತು. ಈ ವ್ಯತ್ಯಾಸ ತಿಳಿದರೆ ಕೆಲಸ ಹಗುರಾಗುತ್ತದೆ. ಸಾಹೇಬರ ಮನಸ್ಸನ್ನು ತೆರೆದು ತೋರಿಸಬೇಕಿಲ್ಲ. ಆದೇಶದಲ್ಲಿ ಬರೆದ ಕಾರಣಕ್ಕೂ ಕಡತದಲ್ಲಿ ದಾಖಲಾದ ಸಂಗತಿಗೂ ಇರುವ ಅಂತರವನ್ನು ತೋರಿಸಬೇಕು.

ಆ ಅಂತರ ಹೇಗೆ ಕಾಣುತ್ತದೆ ಎನ್ನುವುದಕ್ಕೆ, ತರ್ಕಕ್ಕಾಗಿಯೇ ಕಟ್ಟಿಕೊಂಡ ಒಂದು ಪ್ರಕರಣವನ್ನು ಬಿಡಿಸಿ ನೋಡೋಣ. ವಿಜಯಪುರ ನಗರದ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ಒಬ್ಬ ಪ್ರಥಮ ದರ್ಜೆ ಸಹಾಯಕಿ ಇದ್ದಾರೆ. ಬಂದು ಎರಡು ವರ್ಷವೂ ಆಗಿಲ್ಲ. ಸೆಪ್ಟೆಂಬರ್ 9ರಂದು ರಸ್ತೆ ಕಾಮಗಾರಿಯ ಬಿಲ್ಲೊಂದು ಮೇಜಿಗೆ ಬರುತ್ತದೆ. ಬಿಲ್ಲಿನಲ್ಲಿರುವ ಒಂದು ಭಾಗದ ನಮೂದು ಅಳತೆ ಪುಸ್ತಕದಲ್ಲಿ ಕಾಣುವುದಿಲ್ಲ. ‘ಎಂ.ಬಿ.ಯಲ್ಲಿ ನಮೂದಿಲ್ಲದ ಕಾರಣ ಬಿಲ್ಲನ್ನು ಸ್ಪಷ್ಟೀಕರಣಕ್ಕಾಗಿ ಹಿಂತಿರುಗಿಸಬಹುದು’ ಎಂದು ಟಿಪ್ಪಣಿ ಬರೆಯುತ್ತಾರೆ. ಮೇಲಧಿಕಾರಿ ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆದು ಕಳಿಸುತ್ತಾರೆ. 28ರಂದು ಸಹಾಯಕಿಗೆ ತಿಕೋಟಾಕ್ಕೆ ವರ್ಗಾವಣೆ, ಕಾರಣ ‘ಆಡಳಿತಾತ್ಮಕ ಹಿತದೃಷ್ಟಿ’. ಅದೇ ದಿನ ಸಂಜೆ ಬಿಡುಗಡೆ. ಅಕ್ಟೋಬರ್ ಮೊದಲ ವಾರದಲ್ಲಿ ಬಿಲ್ಲು ಪಾಸಾಗುತ್ತದೆ. ಇಷ್ಟನ್ನು ಕೇಳಿದವರೆಲ್ಲ ‘ಇನ್ನೇನು ಬೇಕು, ಎಲ್ಲ ಸ್ಪಷ್ಟವಿದೆ’ ಎಂದಾರು. ನಾನು ಹಾಗೆನ್ನಲಾರೆ. ಒಂದರ ನಂತರ ಇನ್ನೊಂದು ನಡೆಯಿತು ಎಂಬುದು ಒಂದರಿಂದಲೇ ಇನ್ನೊಂದು ನಡೆಯಿತು ಎಂಬುದಕ್ಕೆ ಸಾಕ್ಷಿಯಲ್ಲ. ಹಿರಿಯರ ಸಮಾಧಾನದ ಮಾತಿನಷ್ಟೇ ಗೊಂದಲ ನೊಂದವರ ಈ ಅವಸರದ ತೀರ್ಮಾನದಲ್ಲೂ ಇದೆ. ಎರಡರ ನಡುವೆ ತೀರ್ಪು ಕೊಡುವ ಪ್ರಶ್ನೆಗಳು ಇವು:

1. ವರ್ಗಾವಣೆಯ ಪ್ರಸ್ತಾವ ಮೊದಲು ಕಾಗದಕ್ಕೆ ಬಂದದ್ದು ಯಾವ ದಿನ, ಬರೆದವರು ಯಾರು? ಜುಲೈ ತಿಂಗಳಲ್ಲೇ ತಿಕೋಟಾದಿಂದ ಸಿಬ್ಬಂದಿ ಕೇಳಿ ಪತ್ರ ಬಂದು, ಇವರ ಹೆಸರು ಆಗಲೇ ಟಿಪ್ಪಣಿಯಲ್ಲಿ ಬಂದಿದ್ದರೆ ಸೇಡಿನ ವಾದ ಅಲ್ಲಿಗೇ ಮುಗಿಯಿತು. ಮೊದಲ ಟಿಪ್ಪಣಿ ಸೆಪ್ಟೆಂಬರ್ 9ರ ನಂತರದ್ದಾಗಿ, ಅದನ್ನು ಆರಂಭಿಸಿದವರು ಬಿಲ್ಲಿನ ಕಡತ ನೋಡುತ್ತಿದ್ದವರೇ ಆಗಿದ್ದರೆ ವಾದಕ್ಕೆ ಬೆನ್ನೆಲುಬು ಬಂತು.

2. ಆ ಊರಿಗೆ ಇವರೇ ಏಕೆ? ಇದೇ ದರ್ಜೆಯಲ್ಲಿ ಅವಧಿ ಮುಗಿಸಿದ ಬೇರೆಯವರು ಇದ್ದರೂ ಅವರನ್ನು ಬಿಟ್ಟು ಎರಡು ವರ್ಷ ತುಂಬದವರನ್ನು ಆರಿಸಿದ್ದಕ್ಕೆ ಕಡತದಲ್ಲಿ ಕಾರಣವಿದೆಯೇ?

3. ಇವರು ಬಿಟ್ಟ ಕುರ್ಚಿ ಏನಾಯಿತು? ತಿಕೋಟಾದ ಕೊರತೆ ತುಂಬಲು ನಗರದಲ್ಲಿ ಇನ್ನೊಂದು ಕೊರತೆ ಸೃಷ್ಟಿಸಿ ಅದನ್ನು ಖಾಲಿ ಬಿಟ್ಟಿದ್ದರೆ ಆಡಳಿತದ ಹಿತ ಯಾವುದು ಎಂದು ಕೇಳಬೇಕಾಗುತ್ತದೆ.

4. ಆಕ್ಷೇಪಕ್ಕೆ ಉತ್ತರ ಬಂತೇ? ಅಳತೆ ಪುಸ್ತಕ ಸರಿಪಡಿಸಿ, ಕಾರಣ ಬರೆದು ಬಿಲ್ಲು ಪಾಸು ಮಾಡಿದ್ದರೆ ಒಂದು ಮಾತು. ಆಕ್ಷೇಪದ ಬಗ್ಗೆ ಒಂದು ಸಾಲೂ ಇಲ್ಲದೆ ಮುಂದಿನ ಟಿಪ್ಪಣಿ ‘ಪಾವತಿಗೆ ಮಂಡಿಸಿದೆ’ ಎಂದಿದ್ದರೆ ಅದು ಬೇರೆಯದೇ ಮಾತು.

ನಾಲ್ಕನೆಯದು ಬಹುತೇಕರ ಕಣ್ಣಿಗೆ ಬೀಳುವುದಿಲ್ಲ. ಎಲ್ಲರೂ ತಮ್ಮ ವರ್ಗಾವಣೆಯ ಕಡತದಲ್ಲಿ ಉದ್ದೇಶ ಹುಡುಕುತ್ತಾರೆ. ಆ ಕಡತವನ್ನು ಎಚ್ಚರಿಕೆಯಿಂದ ಬರೆದಿರುತ್ತಾರೆ. ಎಚ್ಚರ ತಪ್ಪುವುದು ಆಕ್ಷೇಪಕ್ಕೆ ಒಳಗಾದ ಕಡತದಲ್ಲಿ. ಎರಡು ಕಡತಗಳ ದಿನಾಂಕಗಳನ್ನು ಅಕ್ಕಪಕ್ಕ ಇಟ್ಟಾಗ ಉದ್ದೇಶ ಕಾಣುತ್ತದೆ, ಒಂದರಿಂದಲೇ ಅಲ್ಲ. ಇ-ಆಫೀಸ್ ಬಳಸುವ ಕಚೇರಿಗಳಲ್ಲಿ ಪ್ರತಿ ಟಿಪ್ಪಣಿಗೂ ದಿನ ಮತ್ತು ವೇಳೆ ತಾನಾಗಿಯೇ ದಾಖಲಾಗುವುದರಿಂದ ಹಿಂದಿನ ತಾರೀಖು ಹಾಕುವ ಹಳೆಯ ದಾರಿ ಅಲ್ಲಿ ನಡೆಯುವುದಿಲ್ಲ.

ನಮ್ಮ ರಾಜ್ಯದ ಎರಡು ಪ್ರಕರಣಗಳು ಈ ತರ್ಕದ ಎರಡು ತುದಿಗಳನ್ನು ತೋರಿಸುತ್ತವೆ. 2016ರ ಜನವರಿಯಲ್ಲಿ ಕೂಡ್ಲಿಗಿಯ ಡಿವೈಎಸ್‌ಪಿ ಅನುಪಮಾ ಶೆಣೈ ಅವರನ್ನು ನಮ್ಮದೇ ಜಿಲ್ಲೆಯ ಇಂಡಿಗೆ ವರ್ಗಾಯಿಸಲಾಯಿತು. ತಮ್ಮ ಫೋನ್ ಕರೆಯನ್ನು ಅವರು ಹೋಲ್ಡ್‌ನಲ್ಲಿ ಇಟ್ಟದ್ದಕ್ಕೆ ವರ್ಗ ಮಾಡಿಸಿದೆ ಎಂದು ಆಗಿನ ಸಚಿವರೊಬ್ಬರು ಹೇಳಿಕೊಂಡ ವಿಡಿಯೊ ಹೊರಬಂತು, ಕೂಡ್ಲಿಗಿಯಲ್ಲಿ ಪ್ರತಿಭಟನೆ ನಡೆಯಿತು, ವರ್ಗಾವಣೆ ಹಿಂದಕ್ಕೆ ಹೋಯಿತು. ಉದ್ದೇಶವನ್ನು ಬಾಯಿಬಿಟ್ಟು ಹೇಳುವ ಇಂಥ ಪ್ರಕರಣ ಅಪರೂಪ, ಅದರ ಮೇಲೆ ಯಾರೂ ಭರವಸೆ ಇಡುವಂತಿಲ್ಲ. ಇನ್ನೊಂದು 2017ರದು. ಬಂದೀಖಾನೆ ಇಲಾಖೆಯ ಡಿಐಜಿ ಆಗಿದ್ದ ಡಿ. ರೂಪಾ ಅವರು ಪರಪ್ಪನ ಅಗ್ರಹಾರ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಎಐಎಡಿಎಂಕೆ ನಾಯಕಿ ಶಶಿಕಲಾ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ಜುಲೈ 12ರಂದು ವರದಿ ಕೊಟ್ಟರು. 17ರಂದು ಸಂಚಾರ ಮತ್ತು ರಸ್ತೆ ಸುರಕ್ಷತೆ ಆಯುಕ್ತರ ಹುದ್ದೆಗೆ ವರ್ಗವಾದರು. ಇದು ಆಡಳಿತಾತ್ಮಕ ಕ್ರಮ ಎಂದಿತು ಸರ್ಕಾರ. ಇಲ್ಲಿ ಐದು ದಿನಗಳ ಅಂತರ ಕಣ್ಣಿಗೆ ಹೊಡೆಯುವಂತಿದ್ದರೂ, ಅದೇ ವೇಳೆ ಆ ವರದಿ ಬೆರಳು ಮಾಡಿದ್ದ ಇಲಾಖೆಯ ಮುಖ್ಯಸ್ಥರನ್ನೂ ಬದಲಿಸಲಾಯಿತು ಎಂಬುದನ್ನು ಮರೆಯುವಂತಿಲ್ಲ. ಸರ್ಕಾರ ಎರಡೂ ಕಡೆಯವರನ್ನು ಸಮಾನವಾಗಿ ಕಂಡಿತು ಎಂಬ ವಾದಕ್ಕೆ ಅದೇ ಆಧಾರ. ಈ ವಾದ ನನಗೆ ಒಪ್ಪಿಗೆಯಿಲ್ಲ. ಆಕ್ಷೇಪ ಬರೆದವರನ್ನೂ ಆಕ್ಷೇಪಕ್ಕೆ ಒಳಗಾದವರನ್ನೂ ಒಂದೇ ದಿನ ಕದಲಿಸಿದರೆ ಅದು ಸಮಾನತೆಯಂತೆ ಕಾಣಬಹುದು. ಆದರೆ ಸತ್ಯ ಯಾವುದು ಎಂದು ತೀರ್ಮಾನವಾಗುವ ಮೊದಲೇ ಅದನ್ನು ಬಲ್ಲವರು ಆ ಜಾಗದಿಂದ ಹೊರಬಿದ್ದಿರುತ್ತಾರೆ. ಮುಂದೆ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರ ವಿಚಾರಣೆ ಜೈಲಿನಲ್ಲಿ ವಿಶೇಷ ಸೌಲಭ್ಯ ಸಿಕ್ಕಿದ್ದನ್ನು ಗುರುತಿಸಿತು.

ಬಲವಾದ ಎರಡು ಆಕ್ಷೇಪಣೆಗಳನ್ನು ಇಲ್ಲಿ ಎದುರಿಸಬೇಕು. ಕಚೇರಿಯಲ್ಲಿ ದಿನವೂ ಜಗಳ ತೆಗೆಯುವವರನ್ನು ಬೇರೆಡೆ ಹಾಕುವುದಕ್ಕೂ ಇಲಾಖಾ ವಿಚಾರಣೆ ಬೇಕೇ ಎಂಬುದು ಮೊದಲನೆಯದು. ಬೇಡ ಎಂದು 2004ರ ಜನಾರ್ದನ ದೇಬನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಿರಿಯ ಅಧಿಕಾರಿಯೊಂದಿಗೆ ಅನುಚಿತವಾಗಿ ವರ್ತಿಸಿದ ಆರೋಪ ಹೊತ್ತಿದ್ದ ಅಂಚೆ ನೌಕರರ ವರ್ಗಾವಣೆ ಅದು. ಮೇಲ್ನೋಟಕ್ಕೆ ಅಧಿಕಾರಿಗಳಿಗೆ ಮನವರಿಕೆಯಾದರೆ ಸಾಕು ಎಂದಿತು ನ್ಯಾಯಾಲಯ. ನನಗೆ ಈ ತೀರ್ಪಿನೊಂದಿಗೆ ತಕರಾರಿಲ್ಲ. ಅಲ್ಲಿ ವಿಷಯ ನೌಕರರ ನಡತೆ. ನಮ್ಮ ಉದಾಹರಣೆಯಲ್ಲಿ ವಿಷಯ ಬಿಲ್ಲಿನ ಅಳತೆ. ಕೂಗಾಡಿದವರನ್ನು ಕೂಗಾಡಿದ್ದಕ್ಕೆ ಕದಲಿಸಬಹುದು. ಆದರೆ ಟಿಪ್ಪಣಿ ಬರೆಯುವುದು ಕರ್ತವ್ಯ, ಅದನ್ನು ನಡತೆಯ ದೋಷವೆಂದು ಎಣಿಸಲಾಗದು. ‘ಹೊಂದಾಣಿಕೆಯಿಲ್ಲ’ ಎಂಬ ಕಾರಣ ಕೊಟ್ಟಾಗ, ಯಾವ ದಿನ ಯಾರೊಂದಿಗೆ ಎಂಬ ಒಂದಾದರೂ ಹಳೆಯ ದಾಖಲೆ ಇದೆಯೇ ಎಂದು ನೋಡಬೇಕು. ಆಕ್ಷೇಪ ಬರೆದ ಮೇಲೆಯೇ ಹೊಂದಾಣಿಕೆ ಕೆಟ್ಟಿದ್ದರೆ ಆ ಕಾರಣ ತನ್ನನ್ನು ತಾನೇ ಬಯಲು ಮಾಡಿಕೊಳ್ಳುತ್ತದೆ. ಎರಡನೆಯ ಆಕ್ಷೇಪಣೆ ಶಾಸಕರ ಪತ್ರದ ಬಗ್ಗೆ. ಕಡತದಲ್ಲಿ ಶಾಸಕರ ಪತ್ರ ಸಿಕ್ಕಿತೆಂದರೆ ಗೆದ್ದೆವು ಎಂದು ಹಲವರು ತಿಳಿಯುತ್ತಾರೆ. ಜನಪ್ರತಿನಿಧಿ ಜನರ ದೂರನ್ನು ಬರೆದು ತಿಳಿಸಿದ ಮಾತ್ರಕ್ಕೆ ವರ್ಗಾವಣೆ ಕೆಡುವುದಿಲ್ಲ ಎಂದು 2007ರ ಮೊಹಮ್ಮದ್ ಮಸೂದ್ ಅಹ್ಮದ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದ್ದರಿಂದ ಪತ್ರ ಇದೆ ಎಂಬುದಕ್ಕಿಂತ ಪತ್ರದಲ್ಲಿ ಏನಿದೆ ಎಂಬುದು, ಅದನ್ನು ಪಡೆದ ಅಧಿಕಾರಿ ತಮ್ಮ ಬುದ್ಧಿಯನ್ನು ಬಳಸಿದರೇ ಎಂಬುದು ಮುಖ್ಯ. ಪತ್ರ ಬಂದ ದಿನವೇ, ಅದರಲ್ಲಿ ಕೇಳಿದ ಊರಿಗೇ, ಬೇರೆ ಒಂದು ಮಾತೂ ಇಲ್ಲದೆ ಆದೇಶ ಹೊರಟಿದ್ದರೆ ನಿರ್ಧಾರ ಅಧಿಕಾರಿಯದಲ್ಲ ಎಂದು ಹೇಳಲು ದಾರಿಯಾಗುತ್ತದೆ.

ಉದ್ದೇಶವನ್ನು ಬರಹದಲ್ಲಿ ತೋರಿಸುವ ಕೆಲಸ ಆರಂಭವಾಗುವುದು ವರ್ಗಾವಣೆ ಆದೇಶ ಬರುವ ಮೊದಲೇ. ಆದೇಶದ ನಂತರ ಬರೆದ ಮನವಿಯಲ್ಲಿ ‘ನಾನು ಆಕ್ಷೇಪಿಸಿದ್ದಕ್ಕೆ ಹೀಗಾಯಿತು’ ಎಂದರೆ ಅದನ್ನು ನಂತರದ ಕಥೆ ಎಂದು ಸುಲಭವಾಗಿ ತಳ್ಳಬಹುದು. ಮೊದಲೇ ಬರೆದ ಟಿಪ್ಪಣಿಯನ್ನು ಹಾಗೆ ತಳ್ಳಲಾಗದು. ನಮ್ಮ ಕಚೇರಿಗಳಲ್ಲಿ ಈ ಸರಪಳಿ ಕಡಿಯುವ ಜಾಗ ‘ಚರ್ಚಿಸಿ’ ಎಂಬ ಆ ಒಂದು ಪದ. ಅಲ್ಲಿಗೆ ಕಾಗದದ ಮಾತು ನಿಂತು ಬಾಯಿಮಾತು ಶುರುವಾಗುತ್ತದೆ. ಒಳಗೆ ‘ಸುಮ್ಮನ ಕಳಿಸ್ರಿ’ ಎಂದದ್ದು ಎಲ್ಲಿಯೂ ಉಳಿಯುವುದಿಲ್ಲ. ಅದಕ್ಕೆ ಉತ್ತರ, ಚರ್ಚೆಯ ನಂತರ ಅದೇ ಹಾಳೆಯಲ್ಲಿ ‘ಇಂದು ಚರ್ಚಿಸಲಾಯಿತು, ಅಳತೆ ಪುಸ್ತಕದ ನಮೂದಿನ ಬಗ್ಗೆ ಲಿಖಿತ ನಿರ್ದೇಶನ ಕೋರಿದೆ’ ಎಂದು ಬರೆಯುವುದು. ಬಾಯಿಮಾತಿನ ಆದೇಶದ ಮೇಲೆ ನಡೆಯದೆ ಅದನ್ನು ದಾಖಲಿಸಿಕೊಳ್ಳಬೇಕು ಎಂದು 2013ರ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಇದನ್ನು ಉದ್ಧಟತನ ಎನ್ನಲು ಬರುವುದಿಲ್ಲ. ಬರಹದಲ್ಲಿ ನಿಯಮ, ಪುಟ, ಮೊತ್ತ ಇರಲಿ. ಗುತ್ತಿಗೆದಾರ ಯಾರ ಕಡೆಯವನು ಎಂಬ ಊಹೆ ಬೇಡ. ಆ ಊಹೆ ನಿಜವಿದ್ದರೂ, ಮುಂದೆ ‘ನಡತೆ ಸರಿಯಿಲ್ಲ’ ಎಂಬ ಕಾರಣಕ್ಕೆ ಅದೇ ಪುರಾವೆಯಾಗುತ್ತದೆ. ಪತ್ರವನ್ನು ಪ್ರತ್ಯೇಕವಾಗಿ ಕೊಟ್ಟರೆ ಆವಕ ಸಂಖ್ಯೆ ಹಾಕಿಸಿ ಸ್ವೀಕೃತಿ ಪಡೆಯಬೇಕು. ಕಡತವನ್ನೇ ಮನೆಗೆ ಒಯ್ಯುವುದು, ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುವುದು ಬೇಡವೇ ಬೇಡ. ಆ ದಿನದಿಂದ ವಿಷಯ ಬಿಲ್ಲಿನದಾಗಿ ಉಳಿಯದೆ ನಿಮ್ಮದಾಗುತ್ತದೆ.

ಆದೇಶ ಬಂದ ಮೇಲೆ ಮೊದಲ ತಪ್ಪು ಹೋಗದೆ ಕೂರುವುದು. ವರ್ಗಾವಣೆ ತಪ್ಪೆಂದು ಅನಿಸಿದರೂ ರದ್ದಾಗುವ ಅಥವಾ ತಡೆಯಾಜ್ಞೆ ಸಿಗುವವರೆಗೆ ಅದನ್ನು ಪಾಲಿಸಲೇಬೇಕು. ಹಾಜರಾಗದಿದ್ದರೆ ಅನಧಿಕೃತ ಗೈರುಹಾಜರಿಯ ಆಪಾದನೆ ಬರುತ್ತದೆ, ಇದುವರೆಗೆ ಇಲ್ಲದಿದ್ದ ದೋಷವನ್ನು ನಾವೇ ಕೈಯಾರೆ ಕೊಟ್ಟಂತಾಗುತ್ತದೆ. ತಿಕೋಟಾದಲ್ಲಿ ಹಾಜರಾಗಿ, ‘ಹಕ್ಕುಗಳಿಗೆ ಬಾಧೆಯಿಲ್ಲದಂತೆ’ ಎಂದು ಹಾಜರಿ ವರದಿಯಲ್ಲೇ ಬರೆಯಬಹುದು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ‘ನನ್ನನ್ನು ಏಕೆ ವರ್ಗಾಯಿಸಿದಿರಿ?’ ಎಂದು ಕೇಳಿದರೆ ಉತ್ತರ ಬಾರದು, ಆ ಕಾಯ್ದೆ ದಾಖಲೆ ಕೊಡುತ್ತದೆಯೇ ಹೊರತು ವಿವರಣೆ ಕೊಡುವುದಿಲ್ಲ. ವರ್ಗಾವಣೆ ಪ್ರಸ್ತಾವದ ಮೊದಲ ಟಿಪ್ಪಣಿಯಿಂದ ಆದೇಶದವರೆಗಿನ ಹಾಳೆಗಳ ದೃಢೀಕೃತ ಪ್ರತಿ ಎಂದು ಕೇಳಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಇರುವುದರಿಂದ ಬಿಲ್ಲಿನ ಕಡತಕ್ಕೆ ಬೇರೆ ಅರ್ಜಿ ಹಾಕಬೇಕು. ಉತ್ತರಕ್ಕೆ 30 ದಿನ ಇದೆ. ಅಷ್ಟು ಕಾಯಲಾಗದಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಮುಂದೆ ಹೋಗಿ ಮೂಲ ಕಡತವನ್ನೇ ತರಿಸಿ ನೋಡುವಂತೆ ಕೋರಬಹುದು. ಅಲ್ಲಿ ಎರಡು ದಾರಿಗಳನ್ನು ಬೆರೆಸಬಾರದು. ಅವಧಿಪೂರ್ವ ವರ್ಗಾವಣೆಗೆ ಲಿಖಿತ ಕಾರಣ ಮತ್ತು ಮುಖ್ಯಮಂತ್ರಿಗಳ ಪೂರ್ವಾನುಮೋದನೆ ಬೇಕೆಂದು 2013ರ ಜೂನ್ 7ರ ಸರ್ಕಾರಿ ಆದೇಶ ಹೇಳಿತ್ತು. ಇಂಥ ಅನುಮೋದನೆ ಇಲ್ಲ ಎಂಬುದು ಕಡತ ನೋಡಿದರೆ ಕಾಣುವ ಸಂಗತಿ, ಅದಕ್ಕೆ ಯಾರ ಉದ್ದೇಶವೂ ಬೇಕಿಲ್ಲ. ವ್ಯಕ್ತಿಗತ ಹಗೆತನದ ಆರೋಪ ಮಾಡುವುದಾದರೆ ಆ ಅಧಿಕಾರಿಯನ್ನು ಹೆಸರು ಹಿಡಿದು ಪ್ರತಿವಾದಿಯಾಗಿ ಸೇರಿಸಲೇಬೇಕು. ಎದುರಿಗಿಲ್ಲದವರ ಮೇಲಿನ ಆರೋಪವನ್ನು ನ್ಯಾಯಮಂಡಳಿ ಪರಿಗಣಿಸದು. ಅನೇಕ ಅರ್ಜಿಗಳು ಸೋಲುವುದು ಇಲ್ಲಿಯೇ: ಕಡತದಿಂದಲೇ ಗೆಲ್ಲಬಹುದಾದ ವಾದವನ್ನು ಬಿಟ್ಟು, ಹೆಸರು ಹೇಳಲು ಹೆದರಿಕೊಂಡೇ ದ್ವೇಷದ ಕಥೆ ಹೇಳಿರುತ್ತಾರೆ.

ಈ ದಾರಿಗೆ ಮಿತಿಯಿದೆ, ಅದನ್ನು ಮುಚ್ಚಿಡಬಾರದು. ನ್ಯಾಯಮಂಡಳಿ ವರ್ಗಾವಣೆಯನ್ನು ರದ್ದು ಮಾಡಿದರೆ ಆ ಸಹಾಯಕಿ ತಮ್ಮ ಕುರ್ಚಿಗೆ ಮರಳುತ್ತಾರೆ, ಬಿಲ್ಲಿನ ಹಣ ಮರಳುವುದಿಲ್ಲ. ಆಕ್ಷೇಪದ ಪ್ರತಿಯನ್ನು ಲೆಕ್ಕಪರಿಶೋಧನೆಗೋ ಲೋಕಾಯುಕ್ತಕ್ಕೋ ಪ್ರತ್ಯೇಕವಾಗಿ ಮುಟ್ಟಿಸದಿದ್ದರೆ ವರ್ಗಾವಣೆ ಮಾಡಿಸಿದವರು ಸೋತೂ ಗೆದ್ದಂತೆ. ಇಷ್ಟೆಲ್ಲ ದಾಖಲೆ ಕೂಡಿಸುವ ಭಾರ ಕಡತವನ್ನು ಮುಟ್ಟಲೂ ಆಗದಷ್ಟು ದೂರ ಸರಿಸಲ್ಪಟ್ಟವರ ಮೇಲೆಯೇ ಬೀಳುವುದು ನ್ಯಾಯವೂ ಅಲ್ಲ. ಸಂಸತ್ತು ಇದನ್ನು ಒಮ್ಮೆ ಸರಿಯಾಗಿ ಗ್ರಹಿಸಿತ್ತು. ಭ್ರಷ್ಟಾಚಾರದ ದೂರು ಕೊಟ್ಟವರನ್ನು ರಕ್ಷಿಸಲು ಮಾಡಿದ 2014ರ ಕಾಯ್ದೆಯಲ್ಲಿ, ದೂರುದಾರರು ತಮಗೆ ಕಿರುಕುಳವಾಗಿದೆ ಎಂದರೆ ಅದು ಕಿರುಕುಳವಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಇಲಾಖೆಯ ಮೇಲೆ ಹೊರಿಸಲಾಗಿದೆ. ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಆ ಕಾಯ್ದೆಯನ್ನು ಜಾರಿಗೆ ತಂದಿಲ್ಲ. ಅದಕ್ಕಾಗಿ ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ. ವರ್ಗಾವಣೆ ಮಾರ್ಗಸೂಚಿಯನ್ನು ರಾಜ್ಯ ಸರ್ಕಾರ ತಾನೇ ಹೊರಡಿಸುತ್ತದೆ. ಲಿಖಿತ ಆಕ್ಷೇಪ ದಾಖಲಿಸಿದ ನೌಕರರನ್ನು ಆರು ತಿಂಗಳೊಳಗೆ ಕದಲಿಸುವುದಾದರೆ, ಪ್ರಸ್ತಾವ ಆಕ್ಷೇಪಕ್ಕಿಂತ ಮೊದಲಿನದು ಅಥವಾ ಅದಕ್ಕೆ ಸಂಬಂಧವಿಲ್ಲದ್ದು ಎಂಬುದನ್ನು ಆದೇಶದಲ್ಲೇ ಬರೆದು ತೋರಿಸಬೇಕು ಎಂಬ ಒಂದು ಕಂಡಿಕೆಯನ್ನು ಅದರಲ್ಲಿ ಸೇರಿಸಲು ಹೊಸ ಶಾಸನವೇನೂ ಬೇಕಿಲ್ಲ.